ಹೆಸರು ಒಂದೇ ಪದ, ಸರ್‌ನೇಮ್ ಇಲ್ಲ: ಪಾಸ್‌ಪೋರ್ಟ್ ಅರ್ಜಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನನ್ನ ಹೆಸರು ಬರೀ ನೇತ್ರಾವತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್ ಎರಡರಲ್ಲೂ ಅಷ್ಟೇ ಇದೆ. ಆಧಾರ್‌ನಲ್ಲಿ ಮಾತ್ರ ಹಿಂದೆ ಒಂದು ‘ಆರ್’ ಸೇರಿಸಿದ್ದಾರೆ. ಅಪ್ಪನ ಹೆಸರು ರಂಗಪ್ಪ. ಅಣ್ಣ ದುಬೈನಲ್ಲಿದ್ದಾನೆ, ಅಲ್ಲಿಗೆ ಹೋಗಿ ಬರಲು ಪಾಸ್‌ಪೋರ್ಟ್ ಮಾಡಿಸಬೇಕು. ಸೈಬರ್ ಸೆಂಟರ್‌ನವರು “ಸರ್‌ನೇಮ್ ಇಲ್ಲದೆ ಆಗಲ್ಲ, ಅಪ್ಪನ ಹೆಸರು ಹಾಕಿಬಿಡ್ತೀನಿ” ಅನ್ನುತ್ತಿದ್ದಾರೆ. ಹಾಕಿಸಬಹುದಾ? ಒಂದೇ ಹೆಸರಿದ್ದರೆ ದುಬೈಗೆ ಬಿಡೋದೇ ಇಲ್ಲ ಅಂತಲೂ ಕೇಳಿದೆ. ನಿಜವಾ?

ಉತ್ತರ: ನೇತ್ರಾವತಿ ಅವರೇ, ಹಾಕಿಸಬೇಡಿ. ನಮ್ಮ ದೇಶದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಡ್ಡಾಯ ಅಲ್ಲ. ನಿಮ್ಮ ಪೂರ್ತಿ ಹೆಸರನ್ನು Given Name ಎನ್ನುವ ಜಾಗದಲ್ಲಿ ಬರೆಯಬೇಕು. Surname ಜಾಗವನ್ನು ಖಾಲಿ ಬಿಡಬೇಕು. ಖಾಲಿ ಅಂದರೆ ಪೂರ್ತಿ ಖಾಲಿ. ಚುಕ್ಕಿ, ಅಡ್ಡಗೆರೆ, NA, ಇನಿಷಿಯಲ್ ಯಾವುದೂ ಬೇಡ. ಪಾಸ್‌ಪೋರ್ಟ್ ಕೈಗೆ ಬಂದಾಗ ಫೋಟೋ ಇರುವ ಪುಟದಲ್ಲಿ ಹೀಗೆ ಕಾಣಬೇಕು:

```
Surname        :
Given Name(s)  : NETHRAVATHI
```

ಆ ಮೇಲಿನ ಖಾಲಿ ಸಾಲು ನೋಡಿ ಗಾಬರಿಯಾಗಬೇಡಿ. ಅದು ತಪ್ಪಲ್ಲ.

ಸೈಬರ್ ಸೆಂಟರ್‌ನವರು ಹಾಗೆ ಹೇಳುವುದಕ್ಕೂ ಒಂದು ಕಾರಣ ಇದೆ. ಅವರು ದಿನಾ ಜಾಸ್ತಿ ತುಂಬುವುದು ಪ್ಯಾನ್ ಅರ್ಜಿ. ಅದರಲ್ಲಿ ಲೆಕ್ಕವೇ ಉಲ್ಟಾ. ಅಲ್ಲಿ ಕಡ್ಡಾಯವಾಗಿರುವುದು ಕೊನೆಯ ಹೆಸರು. ಒಂದೇ ಪದದ ಹೆಸರಿರುವವರು ಅದನ್ನು Last Name ಜಾಗದಲ್ಲೇ ಬರೆದು, ಮೊದಲ ಹೆಸರಿನ ಜಾಗವನ್ನು ಖಾಲಿ ಬಿಡಬೇಕು. ಪಾಸ್‌ಪೋರ್ಟ್‌ನಲ್ಲಿ ಕಡ್ಡಾಯ ಇರುವುದು Given Name. ಪ್ಯಾನ್ ಅಭ್ಯಾಸದಲ್ಲೇ ಪಾಸ್‌ಪೋರ್ಟ್ ಅರ್ಜಿ ತುಂಬಲು ಹೋದಾಗ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, Given Name ಜಾಗ ಖಾಲಿ ಉಳಿಯುತ್ತದೆ. ಸೈಟ್ ಮುಂದಕ್ಕೆ ಬಿಡುವುದಿಲ್ಲ. ಆಗ “ಎರಡೂ ತುಂಬಲೇಬೇಕು” ಅಂದುಕೊಂಡು ಏನಾದರೊಂದು ಸೇರಿಸಿಬಿಡುತ್ತಾರೆ. ನನ್ನ ಹತ್ತಿರ ಬರುವ ಕೆಟ್ಟುಹೋದ ಅರ್ಜಿಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲೇ.

ಅಪ್ಪನ ಹೆಸರು ಸೇರಿಸಿದರೆ ಏನಾಗುತ್ತದೆ? ಅರ್ಜಿಯಲ್ಲಿ ನೀವು NETHRAVATHI RANGAPPA ಆಗುತ್ತೀರಿ. ನಿಮ್ಮ ಯಾವ ದಾಖಲೆಯಲ್ಲೂ ಆ ಹೆಸರಿನ ಹೆಂಗಸು ಇಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಾಖಲೆ ಪರಿಶೀಲಿಸುವ ಅಧಿಕಾರಿ ನೋಡುವುದೇ ಇದನ್ನು. ಅರ್ಜಿಯ ಹೆಸರು, ಕೊಟ್ಟ ದಾಖಲೆಯ ಹೆಸರು ಎರಡೂ ಒಂದೇನಾ? ಅಲ್ಲ ಅಂದರೆ “ಈ ಹೆಸರಿನ ದಾಖಲೆ ತನ್ನಿ” ಅಂತ ವಾಪಸ್ ಕಳಿಸುತ್ತಾರೆ.

ನನ್ನ ತಾಯಿಗೇ ಹೀಗಾಯಿತು. ಅವರದ್ದೂ ಒಂದೇ ಪದದ ಹೆಸರು. ಆಗ ನಾನು ಈ ಕೆಲಸಕ್ಕೆ ಹೊಸಬ. ಬೇರೆಯವರ ಕೈಲಿ ಅರ್ಜಿ ತುಂಬಿಸಿದ್ದೆ. ಅವರು ಸರ್‌ನೇಮ್ ಜಾಗದಲ್ಲಿ ನಮ್ಮ ತಂದೆಯ ಹೆಸರು ಹಾಕಿದ್ದರು. ಬೆಳಗಿನ ಬಸ್ಸಿಗೆ ಹೊರಟು, ಊಟವಿಲ್ಲದೆ ಕಾದು, ಕೌಂಟರ್‌ಗೆ ಹೋದಾಗ ಅಧಿಕಾರಿ ಪರದೆಯತ್ತ ಕೈ ತೋರಿಸಿ “ಅಮ್ಮಾ, ನಿಮ್ಮ ಹೆಸರು ಇದೇನಾ?” ಅಂದರು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ಗೊತ್ತಾಗದೆ ನನ್ನ ಕಡೆ ತಿರುಗಿದರು. ಅವತ್ತಿನಿಂದ ನಾನು ಯಾರ ಅರ್ಜಿ ತುಂಬಿದರೂ ಅವರ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿಯೇ ಕಳಿಸುವುದು.

ಕೆಲವೊಮ್ಮೆ ಇಂಥ ತಪ್ಪು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ಅದು ಇನ್ನೂ ಕಷ್ಟ. ಪಾಸ್‌ಪೋರ್ಟ್ ಅಚ್ಚಾದ ಮೇಲೆ ಹೆಸರು ಸರಿ ಮಾಡಿಸಬೇಕಾದರೆ ಮತ್ತೆ ರೀಇಶ್ಯೂ ಅರ್ಜಿ ಹಾಕಬೇಕು. 36 ಪುಟದ ಪಾಸ್‌ಪೋರ್ಟ್‌ಗೆ ಕಟ್ಟಿದ 1500 ರೂಪಾಯಿ ಇನ್ನೊಮ್ಮೆ ಕಟ್ಟಬೇಕು. ಮತ್ತೆ ಅಪಾಯಿಂಟ್‌ಮೆಂಟ್, ಮತ್ತೆ ಓಡಾಟ.

ಈಗ ಆ ‘ಆರ್’ ವಿಷಯ. ನಮ್ಮ ಕಡೆ ಇನಿಷಿಯಲ್ ಅಂದರೆ ಹೆಸರಿನ ಬಾಲ ಇದ್ದ ಹಾಗೆ. ಒಬ್ಬರು ಊರಿನ ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಅಪ್ಪನದ್ದು. ಶಾಲೆಯಲ್ಲಿ ಮುಂದೆ ಇರುತ್ತದೆ, ಬ್ಯಾಂಕಿನಲ್ಲಿ ಹಿಂದೆ ಹೋಗುತ್ತದೆ. ಪಾಸ್‌ಪೋರ್ಟ್‌ಗೆ ಇದು ಒಗ್ಗುವುದಿಲ್ಲ. ಇನಿಷಿಯಲ್ ಹಾಕಬೇಡಿ ಅಂತ ಅರ್ಜಿಯಲ್ಲೇ ಸೂಚನೆ ಇದೆ. ಹಾಗಾಗಿ Surname ಜಾಗದಲ್ಲಿ ಒಂಟಿ R ಬರೆಯುವ ಹಾಗಿಲ್ಲ. ಆ ‘ಆರ್’ ಅನ್ನು ಬಿಡಿಸಿ ರಂಗಪ್ಪ ಅಂತ ಬರೆಯಲು ಹೋದರೆ ನಿಮ್ಮ ಅಂಕಪಟ್ಟಿ, ಪ್ಯಾನ್ ಎರಡಕ್ಕೂ ಅದು ಹೊಂದುವುದಿಲ್ಲ.

ನಿಮ್ಮ ಮೂರು ದಾಖಲೆಯಲ್ಲಿ ಎರಡು ಒಂದು ಮಾತು ಹೇಳುತ್ತಿವೆ, ಒಂದು ಬೇರೆ ಹೇಳುತ್ತಿದೆ. ಆ ಒಂದನ್ನು ಸರಿ ಮಾಡಿಸುವುದೇ ಸುಲಭದ ದಾರಿ. ಅದೃಷ್ಟಕ್ಕೆ ಆ ಒಂದು ಆಧಾರ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಶಾಲೆ, ಪರೀಕ್ಷಾ ಮಂಡಳಿ ಅಂತ ಸುತ್ತಬೇಕಾಗುತ್ತಿತ್ತು. ಆಧಾರ್ ಆದರೆ ಅಂಕಪಟ್ಟಿಯನ್ನೇ ಆಧಾರವಾಗಿ ಕೊಟ್ಟು ಆಧಾರ್ ಸೇವಾ ಕೇಂದ್ರದಲ್ಲಿ ಸರಿ ಮಾಡಿಸಬಹುದು. ಒಂದು ಎಚ್ಚರ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಕೌಂಟರ್‌ನಲ್ಲಿ ಟೈಪ್ ಮಾಡುವವರ ಕೈಗೆ ಅಂಕಪಟ್ಟಿ ಕೊಟ್ಟು, ಅವರು ಒತ್ತುವ ಒಂದೊಂದು ಅಕ್ಷರವನ್ನೂ ಪರದೆಯಲ್ಲಿ ನೋಡಿ.

ಅಕ್ಷರ ಅಂದಾಗ ನೆನಪಾಯಿತು. ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ NETHRAVATHI ಅಂತಲೂ ಬರೆಯುತ್ತಾರೆ, NETRAVATI ಅಂತಲೂ ಬರೆಯುತ್ತಾರೆ. ಕನ್ನಡದಲ್ಲಿ ಓದಿದರೆ ಎರಡೂ ನೀವೇ. ಕಂಪ್ಯೂಟರ್‌ಗೆ ಇಬ್ಬರು ಬೇರೆ ಬೇರೆ ಹೆಂಗಸರು. ಸರ್‌ನೇಮ್ ಇರುವವರಿಗೆ ಹೆಸರಿನ ಒಂದು ಪದ ತಪ್ಪಿದ್ದರೂ ಇನ್ನೊಂದು ಪದ ಹೊಂದುತ್ತದೆ. ನಿಮಗೆ ಇರುವುದೇ ಒಂದು ಪದ, ಅದಕ್ಕೇ ಇದು ಅವರಿಗಿಂತ ನಿಮಗೆ ಮುಖ್ಯ. ಅರ್ಜಿ ತುಂಬುವ ಮುಂಚೆ ಮೂರೂ ದಾಖಲೆಯನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, H ಎಲ್ಲೆಲ್ಲಿದೆ ಅಂತ ಬೆರಳಿಟ್ಟು ನೋಡಿ. ಆಧಾರ್ ಸರಿ ಮಾಡಿಸುವಾಗಲೇ ಇದನ್ನೂ ಸೇರಿಸಿ ಸರಿ ಮಾಡಿಸಿದರೆ ಒಂದು ಅವಕಾಶ ಉಳಿಯುತ್ತದೆ.

ಇದಾದ ಮೇಲೆ ಅರ್ಜಿ. ನೀವೇ ತುಂಬಬಹುದು, ಕಷ್ಟವಿಲ್ಲ. passportindia.gov.in ಸೈಟ್‌ನಲ್ಲಿ ಮೊದಲು ಖಾತೆ ತೆರೆಯಬೇಕು. ಅಲ್ಲೇ ಮೊದಲ ಸಲ Given Name, Surname ಕೇಳುತ್ತದೆ. ಇಲ್ಲಿಂದಲೇ ಸರ್‌ನೇಮ್ ಖಾಲಿ ಬಿಡಿ. ನಂತರ ಹೊಸ ಪಾಸ್‌ಪೋರ್ಟ್ ಅರ್ಜಿಯಲ್ಲಿ ನಿಮ್ಮ ವಿವರದ ಪುಟ ಬರುತ್ತದೆ. Given Name ಜಾಗದಲ್ಲಿ NETHRAVATHI ಅಂತ, ಅಂಕಪಟ್ಟಿಯಲ್ಲಿ ಇರುವ ಹಾಗೇ ಬರೆಯಿರಿ. Surname ಮುಟ್ಟಬೇಡಿ.

ಅದೇ ಪುಟದಲ್ಲಿ ಎರಡು ಪ್ರಶ್ನೆ ಇರುತ್ತವೆ. ನಿಮಗೆ ಬೇರೆ ಹೆಸರು ಇದೆಯಾ, ಯಾವಾಗಲಾದರೂ ಹೆಸರು ಬದಲಿಸಿದ್ದೀರಾ ಅಂತ. ಮನೆಯಲ್ಲಿ ನೇತ್ರಾ ಅಂತ ಕರೆಯುತ್ತಾರೆ ಅನ್ನುವುದು ಇಲ್ಲಿ ಬೇಕಿಲ್ಲ. ಅದು ಮುದ್ದಿನ ಹೆಸರು. ದಾಖಲೆಗಳಲ್ಲಿ ನಿಜವಾಗಿ ಎರಡು ಹೆಸರಲ್ಲಿ ನಡೆದುಕೊಂಡು ಬಂದವರಿಗೆ ಮಾತ್ರ ಅದು. ನೀವು ಹೆಸರು ಬದಲಿಸಿದವರೂ ಅಲ್ಲ. ಆಧಾರ್‌ನಲ್ಲಿ ಸೇರಿಕೊಂಡಿದ್ದ ಒಂದು ಅಕ್ಷರ ತೆಗೆಸಿದ್ದೀರಿ, ಅಷ್ಟೇ. ಎರಡಕ್ಕೂ ‘ಇಲ್ಲ’ ಅಂತ ಕೊಡಿ.

ಮುಂದಿನ ಪುಟ ಮನೆಯವರ ವಿವರ. ಇದನ್ನು ಎಲ್ಲರೂ ಬೇಗ ಬೇಗ ದಾಟಿಸಿಬಿಡುತ್ತಾರೆ. ನೀವು ಮಾತ್ರ ಇಲ್ಲಿ ನಿಧಾನ ಮಾಡಿ. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ಅಪ್ಪ, ಅಮ್ಮ ಇಬ್ಬರ ಹೆಸರೂ ಬೇಕು ಅನ್ನುವುದು ಹೋಗಿ, ಒಬ್ಬರದ್ದು ಇದ್ದರೂ ಸಾಕು ಅಂತಾಯಿತು. ಒಂಟಿ ತಾಯಂದಿರಿಗೆ ಇದರಿಂದ ತುಂಬಾ ಅನುಕೂಲ ಆಯಿತು, ಆಗಬೇಕಾದ್ದೇ. ಆದರೆ ನಿಮ್ಮ ವಿಷಯದಲ್ಲಿ ಅಪ್ಪನ ಹೆಸರು ಇರಲೇಬೇಕು. ಏಕೆಂದರೆ ದುಬೈ ಬಾಗಿಲು ತೆರೆಯುವುದು ಆ ಹೆಸರಿನಿಂದ. ಅದನ್ನು ಈಗ ಹೇಳುತ್ತೇನೆ. ರಂಗಪ್ಪ ಅವರದ್ದೂ ಒಂದೇ ಪದ, ಅಲ್ವಾ? ಅದೇ ಕ್ರಮ: ತಂದೆಯ Given Name ಜಾಗದಲ್ಲಿ RANGAPPA, ತಂದೆಯ Surname ಖಾಲಿ. ನಿಮ್ಮ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಹೇಗಿದೆಯೋ ಹಾಗೇ ಇರಲಿ.

ದುಬೈ ವಿಷಯದಲ್ಲಿ ನೀವು ಕೇಳಿದ್ದು ಅರ್ಧ ನಿಜ. 2022ರ ನವೆಂಬರ್ 21ರ ದಿನಾಂಕದಲ್ಲಿ ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಂದು ಸುತ್ತೋಲೆ ಕಳಿಸಿದವು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರು ಇದ್ದು ಇನ್ನೊಂದು ಜಾಗ ಖಾಲಿ ಇರುವವರನ್ನು ಯುಎಇ ವಲಸೆ ವಿಭಾಗ ಒಳಗೆ ಬಿಡುವುದಿಲ್ಲ ಅಂತ ಅದರಲ್ಲಿತ್ತು. ಅವತ್ತು ವಾಟ್ಸಾಪ್‌ನಲ್ಲಿ ಓಡಾಡಿದ್ದು ಇಷ್ಟೇ. ಬಹಳ ಜನರ ತಲೆಯಲ್ಲಿ ಇವತ್ತಿಗೂ ಉಳಿದಿರುವುದು ಇಷ್ಟೇ.

ಕೆಲವೇ ದಿನದಲ್ಲಿ ಅದಕ್ಕೆ ತಿದ್ದುಪಡಿ ಬಂತು. ಅದು ಅಷ್ಟು ಓಡಾಡಲಿಲ್ಲ. ಪಾಸ್‌ಪೋರ್ಟ್‌ನ ಎರಡನೇ ವಿವರ ಪುಟದಲ್ಲಿ, ಅಂದರೆ ಅಪ್ಪ ಅಮ್ಮನ ಹೆಸರು ಇರುವ ಪುಟದಲ್ಲಿ, ತಂದೆಯ ಹೆಸರು ಅಥವಾ ಮನೆತನದ ಹೆಸರು ಇದ್ದರೆ ಒಂದೇ ಪದದ ಹೆಸರಿನವರನ್ನೂ ಬಿಡುತ್ತಾರೆ. ಈಗ ತಂದೆಯ ಹೆಸರಿನ ಬಗ್ಗೆ ಯಾಕೆ ಅಷ್ಟು ಒತ್ತಿ ಹೇಳಿದೆ ಅಂತ ಗೊತ್ತಾಯಿತಲ್ಲ. ಆ ಸುತ್ತೋಲೆ ಮುಖ್ಯವಾಗಿ ನೋಡಲು ಹೋಗಿ ಬರುವವರ ವೀಸಾ, ತಾತ್ಕಾಲಿಕ ವೀಸಾ ಇಂಥವುಗಳ ಬಗ್ಗೆ. ಅಲ್ಲೇ ವಾಸದ ಪರವಾನಗಿ ಇರುವವರಿಗೆ, ಮೊದಲ ಹೆಸರು ಮತ್ತು ಸರ್‌ನೇಮ್ ಎರಡೂ ಜಾಗದಲ್ಲಿ ಅದೇ ಒಂದು ಹೆಸರು ದಾಖಲಾಗಿದ್ದರೆ ತೊಂದರೆ ಇಲ್ಲ ಅಂತ ಅದರಲ್ಲೇ ಹೇಳಿತ್ತು. ನೀವು ಹೋಗುವುದು ಅಣ್ಣನನ್ನು ನೋಡಲು. ಹಾಗಾಗಿ ನಿಮಗೆ ಲೆಕ್ಕಕ್ಕೆ ಬರುವುದು ತಂದೆಯ ಹೆಸರಿನ ಪುಟ.

ಮತ್ತೆ ಅರ್ಜಿಗೆ ಬರೋಣ. ಎಲ್ಲ ತುಂಬಿದ ಮೇಲೆ ಪಾಸ್‌ಪೋರ್ಟ್ ಹೇಗೆ ಕಾಣುತ್ತದೆ ಅಂತ ಸೈಟ್ ಒಮ್ಮೆ ತೋರಿಸುತ್ತದೆ. ಅಲ್ಲಿ ಸರ್‌ನೇಮ್ ಖಾಲಿ ಇದೆಯಾ, ನಿಮ್ಮ ಹೆಸರಿನ ಹನ್ನೊಂದು ಅಕ್ಷರ ಸರಿ ಇವೆಯಾ, ಅಪ್ಪನ ಹೆಸರು ಬಂದಿದೆಯಾ ನೋಡಿ. ಆಮೇಲೆ ಹಣ ಕಟ್ಟಿ ದಿನ ಗೊತ್ತು ಮಾಡಿಕೊಳ್ಳಿ. ಇದಕ್ಕೆ ಬೆಂಗಳೂರಿಗೇ ಬರಬೇಕು ಅಂತಿಲ್ಲ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ದೇಶದಲ್ಲೇ ಮೊದಲ ಎರಡರಲ್ಲಿ ಒಂದು. ಈಗ ನಮ್ಮ ಹಲವು ಜಿಲ್ಲೆಗಳಲ್ಲಿ ಅಂಥ ಕೇಂದ್ರ ಇವೆ. ಹತ್ತಿರದ್ದನ್ನು ಆರಿಸಿಕೊಳ್ಳಿ.

ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಅಂತ ಮೂರು ಹಂತದ ಕೌಂಟರ್ ಇರುತ್ತವೆ. ಎ ಕೌಂಟರ್‌ನಲ್ಲಿ ದಾಖಲೆ ಸ್ಕ್ಯಾನ್ ಮಾಡಿ, ಫೋಟೋ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಬಿ ಯಲ್ಲಿ ಪರಿಶೀಲನೆ, ಸಿ ಯಲ್ಲಿ ಮಂಜೂರಾತಿ. ನಿಮಗೆ ಮುಖ್ಯವಾದದ್ದು ಎ. ಅಲ್ಲಿ ನಿಮ್ಮ ಮುಂದಿನ ಪರದೆಯಲ್ಲಿ ವಿವರ ತೋರಿಸಿ ಸರಿ ಇದೆಯಾ ಅಂತ ಕೇಳುತ್ತಾರೆ. ಹಿಂದೆ ಸಾಲು ಇರುತ್ತದೆ, ಜನ ಸುಮ್ನೆ ತಲೆಯಾಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಹೆಸರು ಇರಬೇಕಾದ ಜಾಗದಲ್ಲಿ ಇದೆಯಾ ಅಂತ ನೋಡುವವರೆಗೆ ಹೌದು ಅನ್ನಬೇಡಿ. ತಪ್ಪಿದ್ದರೆ ಅಲ್ಲೇ ಹೇಳಿ. ಅಚ್ಚಾಗುವ ಮುಂಚೆ ತಿದ್ದಿಸುವುದು ಒಂದು ಮಾತಿನ ಕೆಲಸ. ಅಂಕಪಟ್ಟಿಯ ಮೂಲ ಪ್ರತಿ ಮರೆಯದೆ ಒಯ್ಯಿರಿ. ಹತ್ತನೇ ತರಗತಿ ಪಾಸಾಗಿದ್ದಕ್ಕೆ ಅದೇ ದಾಖಲೆ. ಅದಿದ್ದರೆ ನಿಮ್ಮ ಪಾಸ್‌ಪೋರ್ಟ್‌ಗೆ ಇಸಿಆರ್ ಮುದ್ರೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಅನುಮತಿ ಬೇಕು ಅನ್ನುವ ಮುದ್ರೆ, ಬೀಳುವುದಿಲ್ಲ. ಯುಎಇ ಆ ದೇಶಗಳ ಪಟ್ಟಿಯಲ್ಲಿದೆ, ಮುಂದೆ ಅಲ್ಲಿಗೇ ಕೆಲಸಕ್ಕೆ ಹೋಗುವ ಯೋಚನೆ ಬಂದರೆ ಇದು ಬೇಕಾಗುತ್ತದೆ.

“ಹೇಗೂ ಮಾಡಿಸ್ತಿದ್ದೀನಿ, ಎರಡು ಪದದ ಹೆಸರೇ ಇಟ್ಟುಕೊಂಡರೆ ಒಳ್ಳೆಯದಲ್ವಾ?” ಅಂತ ನಿಮ್ಮ ಮನಸ್ಸಿಗೆ ಬರಬಹುದು. ಇಟ್ಟುಕೊಳ್ಳಬಹುದು. ಆದರೆ ಅದು ಅರ್ಜಿಯಲ್ಲಿ ಮಾಡುವ ಕೆಲಸ ಅಲ್ಲ. ಅದು ಹೆಸರು ಬದಲಾವಣೆ. ಪ್ರಮಾಣಪತ್ರ, ಪತ್ರಿಕೆಗಳಲ್ಲಿ ಜಾಹೀರಾತು, ಮೊದಲು ಬೇರೆ ದಾಖಲೆಗಳಲ್ಲಿ ಹೊಸ ಹೆಸರು, ಆಮೇಲೆ ಪಾಸ್‌ಪೋರ್ಟ್. ಅಷ್ಟೆಲ್ಲ ಆದರೂ ಅಂಕಪಟ್ಟಿಯಲ್ಲಿ ಹಳೆಯ ಹೆಸರೇ ಇರುತ್ತದೆ, ಮುಂದೆ ಕೇಳಿದವರಿಗೆಲ್ಲ ಅದನ್ನು ವಿವರಿಸುತ್ತಿರಬೇಕು. ಅಣ್ಣನನ್ನು ನೋಡಿ ಬರಲು ಇಷ್ಟು ದೊಡ್ಡ ಕೆಲಸ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊರದೇಶದಲ್ಲೇ ನೆಲೆಸುವ ಯೋಚನೆ ಇರುವವರಿಗೆ ಮಾತ್ರ ನಾನು ಬೇರೆ ಸಲಹೆ ಕೊಡುತ್ತೇನೆ. ಅಮೆರಿಕಕ್ಕೆ ಹೋಗುವವರನ್ನೇ ನೋಡಿ. ಅವರ ವೀಸಾ ಅರ್ಜಿ DS-160 ರಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡುವ ಹಾಗಿಲ್ಲ. ನಿಮ್ಮಂಥವರ ಹೆಸರು ಅಲ್ಲಿ Surname ಜಾಗಕ್ಕೆ ಹೋಗುತ್ತದೆ, Given Names ಜಾಗದಲ್ಲಿ FNU ಅಂತ ಬರೆಯಬೇಕು. ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಅದರ ಅರ್ಥ. ಅದು ವೀಸಾದಿಂದ ಅಲ್ಲಿನ ಡ್ರೈವಿಂಗ್ ಲೈಸೆನ್ಸ್‌ವರೆಗೆ ಹಿಂಬಾಲಿಸುತ್ತದೆ. ಆಫೀಸಿನಲ್ಲಿ ಜನ ‘ಫ್ನು’ ಅಂತ ಕರೆಯಲು ಶುರು ಮಾಡುತ್ತಾರೆ. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರು ಇಷ್ಟಕ್ಕೆ ಬಂದು ನಿಲ್ಲುವುದು ನನಗಂತೂ ನೋವಿನ ವಿಷಯ. ಕೆನಡಾದವರು ಸರ್‌ನೇಮ್ ಜಾಗದಲ್ಲಿ ಹೆಸರು ಬರೆದು ಇನ್ನೊಂದನ್ನು ಖಾಲಿ ಬಿಡಿ ಅನ್ನುತ್ತಾರೆ. ಅಂದರೆ ಪಾಸ್‌ಪೋರ್ಟ್ ಅರ್ಜಿಯ ನಿಯಮ ಪಾಸ್‌ಪೋರ್ಟ್‌ಗೆ ಮಾತ್ರ. ಬೇರೆ ದೇಶದ ಅರ್ಜಿ ತುಂಬುವಾಗ ಆ ದೇಶದ ಸೂಚನೆಯನ್ನೇ ಓದಿ.

ವಿಮಾನದ ಟಿಕೆಟ್‌ನಲ್ಲಿ ಇದೇ ತಲೆನೋವು ಇನ್ನೊಮ್ಮೆ ಬರುತ್ತದೆ. ಬುಕ್ ಮಾಡುವ ಸೈಟ್‌ಗಳು ಕೊನೆಯ ಹೆಸರು ಇಲ್ಲದೆ ಮುಂದೆ ಹೋಗುವುದಿಲ್ಲ. ಕೆಲವು ಕಂಪನಿಗಳು ಅದೇ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತವೆ, ಕೆಲವು ಮೊದಲ ಹೆಸರಿನ ಜಾಗದಲ್ಲಿ FNU ಹಾಕಿ ಅನ್ನುತ್ತವೆ. ಊಹೆ ಮೇಲೆ ತುಂಬಬೇಡಿ, ಅಲ್ಲಿ ಅಪ್ಪನ ಹೆಸರಂತೂ ಬೇಡವೇ ಬೇಡ. ನೀವು ಹತ್ತುವ ವಿಮಾನದ ಕಂಪನಿಗೇ ಫೋನ್ ಮಾಡಿ “ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದೆ, ಹೇಗೆ ಬರೆಯಲಿ?” ಅಂತ ಕೇಳಿ, ಅವರು ಹೇಳಿದ ಹಾಗೆ ಬುಕ್ ಮಾಡಿ. ಅದೇ ಫೋನಿನಲ್ಲಿ ಒಂದೇ ಪದದ ಹೆಸರಿನವರಿಗೆ ಯುಎಇ ನಿಯಮ ಇವತ್ತು ಹೇಗಿದೆ ಅಂತಲೂ ಕೇಳಿಬಿಡಿ. ವಿಮಾನ ಹತ್ತಿಸುವವರು ಅವರೇ, ಅವರ ಹತ್ತಿರ ಇರುವುದೇ ಆ ದಿನದ ನಿಯಮ.

ಪಾಸ್‌ಪೋರ್ಟ್ ಬಂದ ಕೂಡಲೇ ಅಣ್ಣನಿಗೆ ಫೋಟೋ ಇರುವ ಪುಟ ಒಂದನ್ನೇ ಕಳಿಸಬೇಡಿ. ತಂದೆಯ ಹೆಸರು ಇರುವ ಪುಟವನ್ನೂ ಸ್ಕ್ಯಾನ್ ಮಾಡಿ ಕಳಿಸಿ. ವೀಸಾಕ್ಕೆ ಅರ್ಜಿ ಹಾಕುವಾಗ ಅವರು ಎರಡೂ ಪುಟ ಕೊಡಲಿ. ವೀಸಾ ಬಂದ ಮೇಲೆ ಅದರಲ್ಲಿ ಹೆಸರು ಹೇಗೆ ಅಚ್ಚಾಗಿದೆ ಅಂತ ನೋಡಿಕೊಂಡು, ಆಮೇಲೆ ಟಿಕೆಟ್ ತೆಗೆಯಿರಿ.